ಮಸುಕು ಚೌಕದಲ್ಲಿ ಅಡಗಿದ್ದ 18 ಸೋಗೆಗಳು

ಕಳೆದ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಜೊತೆ ಬಟ್ಟೆ, ತಲೆಯಲ್ಲಿ ಸ್ವಲ್ಪ ಜಂಭ ಇತ್ತು. ನಮ್ಮ ಮೂವರ ತಂಡದ ಮಿನಿ ಪ್ರಾಜೆಕ್ಟ್ ಮುಗಿದಿತ್ತು. ಅಡಿಕೆ ಸೋಗೆಯ ಫೋಟೊ ಕೊಟ್ಟರೆ ಅದು ಆರೋಗ್ಯವಾಗಿದೆಯೋ, ಎಲೆಚುಕ್ಕಿ ರೋಗ ಬಂದಿದೆಯೋ, ಹಳದಿ ಎಲೆ ರೋಗವೋ ಎಂದು ಹೇಳುವ ಪ್ರೋಗ್ರಾಂ ಅದು. ಪರೀಕ್ಷೆಗೆಂದು ತೆಗೆದಿಟ್ಟ 300 ಫೋಟೊಗಳಲ್ಲಿ 269ಕ್ಕೆ ಸರಿ ಉತ್ತರ ಕೊಟ್ಟಿತ್ತು. ಅಂದರೆ ಹತ್ತಿರ ಹತ್ತಿರ ಶೇ 90 ಆಕ್ಯುರೆಸಿ.

ನಮ್ಮೂರು ಹೊಸನಗರ ತಾಲ್ಲೂಕಿನಲ್ಲಿದೆ. ಎಲೆಚುಕ್ಕಿ ಅಂದರೆ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನಿಗೆ ಲ್ಯಾಪ್‌ಟಾಪ್ ತೋರಿಸಿ, “ನೂರಕ್ಕೆ ತೊಂಬತ್ತು ಸರಿ ಹೇಳುತ್ತೆ ದೊಡ್ಡಪ್ಪ” ಅಂದೆ. ಅವರು ಕವಳ ಹಾಕಿಕೊಳ್ಳುತ್ತಲೇ ಕೇಳಿದರು:

“ಅದಿರಲಿ ಮಾರಾಯ್ತಿ. ನಮ್ಮ ತೋಟದಲ್ಲಿ ಚುಕ್ಕಿ ಬಂದಿರೋ ಹತ್ತು ಸೋಗೆ ಇದ್ರೆ ನಿನ್ನ ಈ ಪೆಟ್ಟಿಗೆ ಎಷ್ಟನ್ನ ಹಿಡಿಯುತ್ತೆ?”

“ಒಂಬತ್ತು” ಅಂದೆ, ಯೋಚಿಸದೆ.

“ಹಂಗಾದ್ರೆ ಅದು ‘ಚುಕ್ಕಿ’ ಅಂದಾಗೆಲ್ಲ ನಂಬಿ ಔಷಧಿ ಹೊಡೆಸಬಹುದಾ?”

ಅದಕ್ಕೂ ಹೌದೆಂದೇ ತಲೆಯಾಡಿಸಿದೆ. ಮಲಗುವ ಮೊದಲು, ಸುಮ್ಮನೆ ಖಾತ್ರಿ ಮಾಡಿಕೊಳ್ಳೋಣವೆಂದು ವರದಿಯಲ್ಲಿದ್ದ ಹೀಟ್‌ಮ್ಯಾಪ್ ತೆರೆದು ಲೆಕ್ಕ ಹಾಕಿದೆ. ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಒಂಬತ್ತಲ್ಲ, ಆರು. ಹತ್ತರಲ್ಲಿ ನಾಲ್ಕು ರೋಗದ ಸೋಗೆಗಳನ್ನು ನಮ್ಮ ಪ್ರೋಗ್ರಾಂ ಬಿಟ್ಟುಬಿಡುತ್ತಿತ್ತು. ಆ ಚಿತ್ರವನ್ನು ವರದಿಗೆ ಅಂಟಿಸಿದವಳು ನಾನೇ, ಪ್ರಾಜೆಕ್ಟ್ ವೈವಾದಲ್ಲಿ ಅದರ ಮುಂದೆ ನಿಂತು ಮಾತಾಡಿದವಳೂ ನಾನೇ. ಆದರೂ ಅದನ್ನು ಒಮ್ಮೆಯೂ ಓದಿರಲಿಲ್ಲ!

ದೊಡ್ಡಪ್ಪ ಕೇಳಿದ ಆ ಎರಡು ಪ್ರಶ್ನೆಗಳಿಗೇ ಪುಸ್ತಕದಲ್ಲಿ ರೀಕಾಲ್ ಮತ್ತು ಪ್ರಿಸಿಷನ್ ಎಂಬ ಹೆಸರಿದೆ. ಇಂಟರ್‌ನಲ್ಸ್‌ಗೆ ಸೂತ್ರ ಬಾಯಿಪಾಠ ಮಾಡಿ ಅಂಕ ಪಡೆದ ನನಗೆ ಅವು ನಿಜವಾಗಿ ಅರ್ಥವಾದದ್ದು ಆ ರಾತ್ರಿ.

ಚೌಕಗಳನ್ನು ಓದುವ ಬಗೆ

ಕನ್ಫ್ಯೂಷನ್ ಮ್ಯಾಟ್ರಿಕ್ಸ್ ಎಂಬುದು ಒಂದು ಸಾದಾ ಕೋಷ್ಟಕ. ಯಂತ್ರ ಯಾವುದನ್ನು ಯಾವುದೆಂದು ಭಾವಿಸಿ ಗೊಂದಲಕ್ಕೆ ಬಿತ್ತು ಎಂಬುದರ ಎಣಿಕೆ ಅಷ್ಟೇ. ನಮ್ಮದು ಹೀಗಿತ್ತು:

| ನಿಜವಾಗಿ ಇದ್ದದ್ದು ↓ / ಯಂತ್ರ ಹೇಳಿದ್ದು → | ಆರೋಗ್ಯ | ಎಲೆಚುಕ್ಕಿ | ಹಳದಿ ಎಲೆ | ಒಟ್ಟು |
|---|---|---|---|---|
| ಆರೋಗ್ಯ | 212 | 5 | 3 | 220 |
| ಎಲೆಚುಕ್ಕಿ | 18 | 30 | 2 | 50 |
| ಹಳದಿ ಎಲೆ | 2 | 1 | 27 | 30 |

ಅಡ್ಡ ಸಾಲು ನಿಜ ಹೇಳುತ್ತದೆ, ಕಂಬಸಾಲು ಯಂತ್ರದ ಮಾತು ಹೇಳುತ್ತದೆ. ಎರಡನೇ ಸಾಲನ್ನು ಬೆರಳಿಟ್ಟು ಓದಿ ನೋಡಿ. ನಿಜವಾಗಿಯೂ ಎಲೆಚುಕ್ಕಿ ಇದ್ದ ಫೋಟೊಗಳು 50. ಅವುಗಳಲ್ಲಿ 18ನ್ನು ಯಂತ್ರ ‘ಆರೋಗ್ಯ’ ಅಂದಿತು, 30ನ್ನು ಸರಿಯಾಗಿ ‘ಎಲೆಚುಕ್ಕಿ’ ಅಂದಿತು, 2ನ್ನು ‘ಹಳದಿ ಎಲೆ’ ಅಂದಿತು. ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಇಳಿಯುವ ಕರ್ಣದಲ್ಲಿರುವ 212, 30, 27 ಸರಿಯುತ್ತರಗಳು. ಕರ್ಣದ ಹೊರಗಿರುವುದೆಲ್ಲ ತಪ್ಪು.

ಆಕ್ಯುರೆಸಿ ಎಂದರೆ ಕರ್ಣದ ಮೊತ್ತವನ್ನು ಒಟ್ಟು ಫೋಟೊಗಳಿಂದ ಭಾಗಿಸುವುದು: 269 ಭಾಗಿಸು 300. ಇದರಲ್ಲಿ ಮೋಸವಿಲ್ಲ, ಆದರೆ ಮರೆಮಾಚುವ ಗುಣವಿದೆ. ಫೋಟೊವನ್ನು ನೋಡದೆಯೇ ಎಲ್ಲದಕ್ಕೂ ‘ಆರೋಗ್ಯ’ ಎಂದು ಹೇಳುವ ಒಂದು ಸಾಲಿನ ಪ್ರೋಗ್ರಾಂ ಬರೆದಿದ್ದರೂ ನಮಗೆ 300ಕ್ಕೆ 220, ಅಂದರೆ ಶೇ 73 ಸಿಗುತ್ತಿತ್ತು. ಆರೋಗ್ಯವಂತ ಸೋಗೆಗಳೇ ಹೆಚ್ಚಿದ್ದುದರಿಂದ ಶೇ 90ರಲ್ಲಿ ದೊಡ್ಡ ಪಾಲು ಅವುಗಳದ್ದೇ. ನಮಗೆ ಬೇಕಾಗಿದ್ದ ರೋಗದ ಸೋಗೆಗಳ ಕಥೆ ಆ ಒಂದು ಅಂಕಿಯೊಳಗೆ ಮುಳುಗಿಹೋಗಿತ್ತು.

ಇನ್ನೊಂದು ಎಚ್ಚರಿಕೆ. ನಾವು ಬಳಸುವ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಸಾಲು ನಿಜ, ಕಂಬ ಯಂತ್ರದ ಮಾತು. ಕೆಲವು ಪುಸ್ತಕಗಳಲ್ಲಿ ಇದು ತಿರುಗಾಮುರುಗಾ ಇರುತ್ತದೆ. ಜೊತೆಗೆ `confusion_matrix(y_true, y_pred)` ಎಂದು ಬರೆಯುವಾಗ ಎರಡನ್ನೂ ಅದಲುಬದಲು ಮಾಡಿದರೂ ಕಂಪ್ಯೂಟರ್ ಯಾವ ಎರರ್ ಕೊಡುವುದಿಲ್ಲ. ಚಿತ್ರ ಚೆನ್ನಾಗಿಯೇ ಬರುತ್ತದೆ, ಆಕ್ಯುರೆಸಿಯೂ ಬದಲಾಗುವುದಿಲ್ಲ, ಆದರೆ ಪ್ರಿಸಿಷನ್ ಇದ್ದಲ್ಲಿ ರೀಕಾಲ್, ರೀಕಾಲ್ ಇದ್ದಲ್ಲಿ ಪ್ರಿಸಿಷನ್ ಕೂತಿರುತ್ತದೆ. ನಮ್ಮ ತಂಡದಲ್ಲಿ ಒಬ್ಬ ಮೊದಲ ಸಲ ಹೀಗೇ ಮಾಡಿದ್ದ. ಪತ್ತೆ ಹಚ್ಚುವುದು ಸುಲಭ: ಪ್ರತಿ ಸಾಲನ್ನೂ ಕೂಡಿಸಿ. ಫೋಲ್ಡರಿನಲ್ಲಿ ನೀವು ಇಟ್ಟಿರುವ ಫೋಟೊಗಳ ಲೆಕ್ಕಕ್ಕೆ (ನಮ್ಮಲ್ಲಿ 220, 50, 30) ಮೊತ್ತ ತಾಳೆಯಾದರೆ ಸಾಲು ನಿಜವೇ ಸರಿ. ಕಂಬದ ಮೊತ್ತ ತಾಳೆಯಾದರೆ ಕೋಷ್ಟಕ ತಿರುಗಿದೆ ಎಂದರ್ಥ.

ಸಾಲಿನ ಪ್ರಶ್ನೆ, ಕಂಬದ ಪ್ರಶ್ನೆ

ಈಗ ದೊಡ್ಡಪ್ಪನ ಮೊದಲ ಪ್ರಶ್ನೆ: ರೋಗ ಇರುವ ಸೋಗೆಗಳಲ್ಲಿ ಎಷ್ಟನ್ನು ಹಿಡಿಯುತ್ತದೆ? ಇದು ನಿಜದಿಂದ ಹೊರಡುವ ಪ್ರಶ್ನೆ. ಹಾಗಾಗಿ ಉತ್ತರ ಅಡ್ಡ ಸಾಲಿನಲ್ಲಿದೆ. 50ರಲ್ಲಿ 30, ಅಂದರೆ ಶೇ 60. ಇದೇ ಎಲೆಚುಕ್ಕಿಯ ರೀಕಾಲ್.

ಎರಡನೇ ಪ್ರಶ್ನೆ: ಅದು ‘ಚುಕ್ಕಿ’ ಅಂದಾಗ ನಂಬಬಹುದೇ? ಇದು ಯಂತ್ರದ ಮಾತಿನಿಂದ ಹೊರಡುವ ಪ್ರಶ್ನೆ. ಹಾಗಾಗಿ ಉತ್ತರ ಕಂಬದಲ್ಲಿದೆ. ಎಲೆಚುಕ್ಕಿಯ ಕಂಬವನ್ನು ಮೇಲಿನಿಂದ ಕೆಳಗೆ ಕೂಡಿಸಿ: 5, 30, 1, ಒಟ್ಟು 36. ಯಂತ್ರ 36 ಸಲ ‘ಎಲೆಚುಕ್ಕಿ’ ಎಂದು ಕೂಗಿತು, ಅದರಲ್ಲಿ 30 ಸಲ ನಿಜ. 30 ಭಾಗಿಸು 36, ಸುಮಾರು ಶೇ 83. ಇದು ಪ್ರಿಸಿಷನ್.

ಪುಸ್ತಕದ ಸೂತ್ರಗಳೂ ಇದನ್ನೇ ಹೇಳುತ್ತವೆ:

```
Precision = TP / (TP + FP) = 30 / (30 + 6)
Recall    = TP / (TP + FN) = 30 / (30 + 20)
```

ಇಲ್ಲಿ `TP` ಎಂದರೆ ಸರಿಯಾಗಿ ಹಿಡಿದ 30. `FP` ಎಂದರೆ ಸುಳ್ಳು ಕೂಗು: ಎಲೆಚುಕ್ಕಿ ಇಲ್ಲದಿದ್ದರೂ ಇದೆ ಅಂದ 6 (ಆರೋಗ್ಯದ 5, ಹಳದಿಯ 1). `FN` ಎಂದರೆ ಕೈತಪ್ಪಿದ್ದು: ಇದ್ದರೂ ಇಲ್ಲವೆಂದ 20 (‘ಆರೋಗ್ಯ’ ಎಂದ 18, ‘ಹಳದಿ’ ಎಂದ 2). ಎರಡು ಸೂತ್ರದಲ್ಲೂ ಮೇಲಿನದು ಒಂದೇ 30. ಭಾಗಿಸುವ ಸಂಖ್ಯೆ ಮಾತ್ರ ಬೇರೆ. ಒಂದರಲ್ಲಿ ಕಂಬದ ಮೊತ್ತ, ಇನ್ನೊಂದರಲ್ಲಿ ಸಾಲಿನ ಮೊತ್ತ. ಇಂಟರ್‌ವ್ಯೂಗೆ ಹೋಗುವ ಗೆಳೆಯರಿಗೆ ಒಂದು ಮಾತು: ಯಾವುದು `FP`, ಯಾವುದು `FN` ಎಂದು ತಡವರಿಸುವ ಬದಲು ಕಾಗದದ ಮೇಲೆ ಚೌಕ ಬರೆದು, ‘ರೀಕಾಲ್ ಸಾಲು, ಪ್ರಿಸಿಷನ್ ಕಂಬ’ ಎಂದು ನೆನಪಿಟ್ಟುಕೊಂಡರೆ ಎಷ್ಟು ವರ್ಗಗಳಿದ್ದರೂ ಕೈತಪ್ಪುವುದಿಲ್ಲ. ಕೋಷ್ಟಕ ತಿರುಗಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡಿರಬೇಕು, ಅಷ್ಟೇ.

ಒಂದು ಸೂಕ್ಷ್ಮವೂ ಇಲ್ಲಿದೆ. ರೋಗ ಮೂರನೇ ಸಾಲಿನದ್ದಾದಾಗ ಲೆಕ್ಕವೂ ಬೇರೆ. ಹಳದಿ ಎಲೆಯ ರೀಕಾಲ್ 30ಕ್ಕೆ 27, ಅಂದರೆ ಶೇ 90. ಆದ್ದರಿಂದ ‘ನಿಮ್ಮ ಮಾಡೆಲ್‌ನ ರೀಕಾಲ್ ಎಷ್ಟು?’ ಎಂಬ ಪ್ರಶ್ನೆಯೇ ಅರ್ಧ. ‘ಯಾವ ವರ್ಗದ ರೀಕಾಲ್?’ ಎಂದು ಮರುಪ್ರಶ್ನೆ ಹಾಕಬೇಕು. ಒಂದೇ ಮಾಡೆಲ್ ಒಂದು ರೋಗದ ಮಟ್ಟಿಗೆ ಹತ್ತಕ್ಕೆ ಒಂಬತ್ತು ಹಿಡಿಯುವ ಜಾಣ, ಇನ್ನೊಂದರ ಮಟ್ಟಿಗೆ ಆರರಲ್ಲೇ ನಿಲ್ಲುವ ಪೆದ್ದ.

ಬಣ್ಣ ಹೇಗೆ ಮೋಸ ಮಾಡಿತು

ಇಷ್ಟು ಸುಲಭವಿದ್ದರೆ ನಾವು ಮೂವರು, ನಮ್ಮ ವರದಿ ನೋಡಿದವರು, ಯಾರೂ ಗಮನಿಸಲಿಲ್ಲವೇಕೆ? ಕಾರಣ ಹೀಟ್‌ಮ್ಯಾಪ್‌ನ ಬಣ್ಣ.

ಹೀಟ್‌ಮ್ಯಾಪ್ ಎಂದರೆ ಅದೇ ಕೋಷ್ಟಕಕ್ಕೆ ಬಣ್ಣ ಬಳಿಯುವುದು. ನಾವು ಆರಿಸಿದ್ದ `Blues` ಬಣ್ಣಪಟ್ಟಿಯಲ್ಲಿ ದೊಡ್ಡ ಸಂಖ್ಯೆಗೆ ಗಾಢ ನೀಲಿ, ಚಿಕ್ಕದಕ್ಕೆ ಬಿಳಿ. ಬಣ್ಣದ ಅಳತೆ ಕೋಷ್ಟಕದ ಅತಿ ಚಿಕ್ಕ ಸಂಖ್ಯೆಯಿಂದ ಅತಿ ದೊಡ್ಡ ಸಂಖ್ಯೆಯವರೆಗೆ ಹರಡಿಕೊಳ್ಳುತ್ತದೆ. ನಮ್ಮಲ್ಲಿ ಅತಿ ದೊಡ್ಡದು 212. ಅದರ ಪಕ್ಕದಲ್ಲಿ 30 ಕೂಡ ತೆಳು, 27 ಕೂಡ ತೆಳು, 18 ಅಂತೂ ಇನ್ನೂ ತೆಳು. ಕಣ್ಣಿಗೆ ಕಂಡದ್ದು ಮೇಲಿನ ಮೂಲೆಯಲ್ಲಿ ಒಂದು ಕಡುನೀಲಿ ಚೌಕ, ಉಳಿದದ್ದೆಲ್ಲ ಬಿಳಿಚಿಕೊಂಡ ಹಾಳೆ. ‘ಕರ್ಣ ಗಾಢವಾಗಿದೆ, ಹೊರಗೆ ತಿಳಿ ಇದೆ, ಚೆನ್ನಾಗಿದೆ’ ಎಂದುಕೊಂಡು ಮುಂದೆ ಹೋದೆವು. ಆದರೆ 50ರ ಸಾಲಿನಲ್ಲಿ 18 ಎಂಬುದು ಮೂರನೇ ಒಂದಕ್ಕಿಂತ ಹೆಚ್ಚು. 220ರ ಸಾಲಿನಲ್ಲಿ 18 ಇದ್ದಿದ್ದರೆ ಅದು ಸಣ್ಣ ತಪ್ಪು. ಬಣ್ಣಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಅದಕ್ಕೆ 18 ಎಂದರೆ 18.

ಪರಿಹಾರ ಒಂದೇ ಪದದ್ದು. ಪ್ರತಿ ಸಾಲನ್ನೂ ಅದರ ಸ್ವಂತ ಮೊತ್ತದಿಂದ ಭಾಗಿಸಿ ಬಣ್ಣ ಹಾಕಲು ಹೇಳಬೇಕು:

```python
from sklearn.metrics import ConfusionMatrixDisplay

ConfusionMatrixDisplay.from_predictions(
    y_true, y_pred, normalize="true", cmap="Blues", values_format=".2f")
```

ಆ ರಾತ್ರಿ `normalize="true"` ಸೇರಿಸಿ ಮತ್ತೆ ಓಡಿಸಿದೆ. ಎರಡನೇ ಸಾಲಿನಲ್ಲಿ 0.36, 0.60, 0.04 ಎಂದು ಬಂತು. ಮೊದಲು ಬಿಳಿಯಾಗಿದ್ದ ಎಡಬದಿಯ ಚೌಕ ಈಗ ಢಾಳಾದ ನೀಲಿ. ಎಲೆಚುಕ್ಕಿಯ ಶೇ 36 ಭಾಗ ‘ಆರೋಗ್ಯ’ದ ಕಡೆಗೆ ಸೋರಿಹೋಗುತ್ತಿರುವುದು ಹಾಳೆಯ ತುಂಬ ಕಾಣುತ್ತಿತ್ತು. ಡೇಟಾ ಅದೇ, ಮಾಡೆಲ್ ಅದೇ, ಚಿತ್ರ ಮಾತ್ರ ನಿಜ ಹೇಳತೊಡಗಿತು.

ಹೀಗೆ ಸಾಲಿನಿಂದ ಭಾಗಿಸಿದ ಚಿತ್ರದಲ್ಲಿ ಕರ್ಣದ ಮೇಲಿರುವ ಪ್ರತಿ ಅಂಕಿಯೂ ಆ ವರ್ಗದ ರೀಕಾಲ್ ಆಗಿರುತ್ತದೆ: 0.96, 0.60, 0.90. `normalize="pred"` ಎಂದು ಬರೆದರೆ ಕಂಬದಿಂದ ಭಾಗಿಸುತ್ತದೆ, ಆಗ ಕರ್ಣದ ಮೇಲೆ ಪ್ರಿಸಿಷನ್ ಬರುತ್ತದೆ: 0.91, 0.83, 0.84. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ದೊಡ್ಡಪ್ಪನ ಎರಡೂ ಪ್ರಶ್ನೆಗೆ ಪ್ರತಿ ವರ್ಗದ ಉತ್ತರ ಕಣ್ಣೆದುರಿಗೇ ಸಿಗುತ್ತದೆ.

ಆದರೂ ಎಣಿಕೆಯ ಚಿತ್ರವನ್ನು ಎಸೆಯಬಾರದು. ಭಾಗಿಸಿದ ಮೇಲೆ 0.60 ಎಂಬುದು 50ರಲ್ಲಿ 30 ಆಗಿರಬಹುದು, 5ರಲ್ಲಿ 3 ಕೂಡ ಆಗಿರಬಹುದು. ನಮ್ಮ ಎಲೆಚುಕ್ಕಿ ಸಾಲಿನಲ್ಲಿ ಒಂದೊಂದು ಫೋಟೊ ಶೇ 2ರಷ್ಟು ತೂಗುತ್ತದೆ. ಒಂದೆರಡು ಫೋಟೊ ಆಚೀಚೆಯಾದರೆ ರೀಕಾಲ್ ಏರಿಳಿಯುತ್ತದೆ. ಹಾಗಾಗಿ ‘ಶೇ 60ರಿಂದ 62ಕ್ಕೆ ಏರಿಸಿದೆವು’ ಎಂದು ನಾವು ಹೇಳಿದರೆ ಅದಕ್ಕೆ ಏನೂ ಅರ್ಥವಿಲ್ಲ, ಅದು ಒಂದೇ ಒಂದು ಸೋಗೆ.

ಬಣ್ಣದ ಬಗ್ಗೆ ಇನ್ನೊಂದು ವಿಷಯ. ಗಾಢ ಎಂದರೆ ಹೆಚ್ಚು ಎಂಬುದು ಎಲ್ಲ ಬಣ್ಣಪಟ್ಟಿಗೂ ಅನ್ವಯಿಸುವುದಿಲ್ಲ. ಸೀಬಾರ್ನ್ ಲೈಬ್ರರಿಯ ಹೀಟ್‌ಮ್ಯಾಪ್ ತಾನಾಗಿ ಆರಿಸಿಕೊಳ್ಳುವ ಬಣ್ಣಪಟ್ಟಿಯಲ್ಲಿ ಕಪ್ಪು ಎಂದರೆ ಕಡಿಮೆ, ತಿಳಿ ಎಂದರೆ ಹೆಚ್ಚು. ಅಂಥ ಚಿತ್ರವನ್ನು ನೀಲಿ ಪಟ್ಟಿಯ ಅಭ್ಯಾಸದಲ್ಲಿ ಓದಿದರೆ ಎಲ್ಲ ಉಲ್ಟಾ. ಚಿತ್ರದ ಪಕ್ಕದಲ್ಲಿ ನಿಂತಿರುವ ಬಣ್ಣದ ಕಡ್ಡಿಯನ್ನು ಮೊದಲು ನೋಡಿ, ಆಮೇಲೆ ಚೌಕಗಳನ್ನು ನೋಡಿ. ಸೀಬಾರ್ನ್‌ನಲ್ಲಿ ಎಣಿಕೆ ಬರೆಸುವಾಗ `annot=True` ಜೊತೆಗೆ `fmt="d"` ಕೂಡ ಹಾಕಿ. ಇಲ್ಲದಿದ್ದರೆ 212 ಎಂಬುದು `2.1e+02` ಎಂದು ಅಚ್ಚಾಗಿ, 212 ಇತ್ತೋ 208 ಇತ್ತೋ ಗೊತ್ತೇ ಆಗುವುದಿಲ್ಲ.

ಆ ಚೌಕದೊಳಗೆ ಏನಿತ್ತು

ಕನ್ಫ್ಯೂಷನ್ ಮ್ಯಾಟ್ರಿಕ್ಸ್‌ನ ಪ್ರತಿ ಚೌಕದ ಹಿಂದೆ ನಿಜವಾದ ಫೋಟೊಗಳಿವೆ. ಬೆಳಿಗ್ಗೆ ಆ 18 ಫೋಟೊಗಳನ್ನು ಬೇರೆ ಫೋಲ್ಡರಿಗೆ ಹಾಕಿ ಒಂದೊಂದಾಗಿ ತೆರೆದೆ. ಪಕ್ಕದಲ್ಲಿ ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಕೂತರು.

“ಇದು ಈಗಷ್ಟೇ ಶುರು ಆಗಿರೋದು ನೋಡು. ಇದೂ ಅಷ್ಟೇ. ಇದರಲ್ಲಿ ಗರಿ ತುದಿಗೆ ಎರಡೇ ಚುಕ್ಕಿ.” ಅವರು ಬೆರಳು ತೋರಿಸುತ್ತ ಹೋದಂತೆ ನನಗೂ ಕಂಡಿತು. 18ರಲ್ಲಿ 13 ಫೋಟೊಗಳು ರೋಗದ ಮೊದಲ ಹಂತದವು. ಗರಿಯ ಮೇಲೆ ಕಂದು ಬಣ್ಣದ ಸಣ್ಣ ಚುಕ್ಕಿ, ಸುತ್ತ ತೆಳು ಹಳದಿ ಅಂಚು. ನಮ್ಮ ಮಾಡೆಲ್‌ಗೆ ಕೊಡುವ ಮೊದಲು ಪ್ರತಿ ಫೋಟೊವನ್ನೂ 224×224 ಪಿಕ್ಸೆಲ್‌ಗೆ ಕುಗ್ಗಿಸುತ್ತಿದ್ದೆವು. ಮೊಬೈಲಿನ ದೊಡ್ಡ ಫೋಟೊ ಅಷ್ಟು ಚಿಕ್ಕದಾದಾಗ ಆ ಚುಕ್ಕಿಗಳು ಅಳಿಸಿಹೋಗುತ್ತಿದ್ದವು. ಇಲ್ಲದ ಚುಕ್ಕಿಯನ್ನು ಮಾಡೆಲ್ ಹೇಗೆ ತಾನೇ ನೋಡೀತು? ಉಳಿದ 5ರಲ್ಲಿ ಬಿಸಿಲಿಗೆ ಎದುರಾಗಿ ತೆಗೆದು ಸೋಗೆಯೇ ಕಪ್ಪಾಗಿತ್ತು.

ದೊಡ್ಡಪ್ಪನಿಗೆ ಮೊದಲ ಹಂತವೇ ಮುಖ್ಯ. ಎಲೆಚುಕ್ಕಿ ಶಿಲೀಂಧ್ರದಿಂದ ಬರುವ ರೋಗ. ಸೋಗೆಯೆಲ್ಲ ಒಣಗಿ ನಿಂತ ಮೇಲೆ ಅದನ್ನು ಗುರುತಿಸಲು ಕಂಪ್ಯೂಟರ್ ಬೇಕಿಲ್ಲ, ರಸ್ತೆಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಯಾವ ಫೋಟೊಗಳಲ್ಲಿ ಯಂತ್ರ ನೆರವಾಗಬೇಕಿತ್ತೋ ಅವುಗಳಲ್ಲೇ ಅದು ಕೈಕೊಟ್ಟಿತ್ತು. ಇದನ್ನು ಯಾವ ಅಂಕಿಯೂ ನಮಗೆ ಹೇಳಲಿಲ್ಲ. ಅಂಕಿ ಮಾಡಿದ ಉಪಕಾರವೆಂದರೆ ಯಾವ ಫೋಲ್ಡರ್ ತೆರೆದು ನೋಡಬೇಕೆಂದು ತೋರಿಸಿದ್ದು.

ಗೆರೆ ಸರಿಸಿದರೆ

ಕಾಲೇಜಿಗೆ ಮರಳಿ ನಮ್ಮ ಗೈಡ್ ಮೇಡಂಗೆ ಇದನ್ನೆಲ್ಲ ಹೇಳಿದೆ. ಅವರು, “ಮಾಡೆಲ್ ಉತ್ತರ ಕೊಡುವಾಗ ಮೂರೂ ವರ್ಗಕ್ಕೆ ಸಂಭವನೀಯತೆ ಕೊಡುತ್ತಲ್ಲ, ಅದನ್ನ ನೋಡಿದ್ರಾ?” ಎಂದು ಕೇಳಿದರು. ನೋಡಿರಲಿಲ್ಲ.

ನಮ್ಮ ಮಾಡೆಲ್ ಒಂದು ಫೋಟೊಗೆ, ಉದಾಹರಣೆಗೆ, ಆರೋಗ್ಯ 0.55, ಎಲೆಚುಕ್ಕಿ 0.40, ಹಳದಿ 0.05 ಎಂದು ಕೊಡುತ್ತದೆ. ನಾವು ಅತಿ ದೊಡ್ಡದನ್ನು ಆರಿಸಿ ‘ಆರೋಗ್ಯ’ ಎಂದು ಬರೆದುಕೊಳ್ಳುತ್ತಿದ್ದೆವು. ಆದರೆ ರೋಗ ಇರುವ ಸಂಭವ 0.40 ಎಂದು ಮಾಡೆಲ್ ಹೇಳುವಾಗ ಅದನ್ನು ಆರೋಗ್ಯವಂತ ಎಂದು ಸುಮ್ಮನಿರುವುದು ಸರಿಯೇ? ನಾವು ನಿಯಮ ಬದಲಿಸಿದೆವು: ಎಲೆಚುಕ್ಕಿಯ ಅಂಕಿ 0.30 ಅಥವಾ ಹೆಚ್ಚಿದ್ದರೆ ಎಲೆಚುಕ್ಕಿ ಎಂದೇ ಹೇಳು, ಇಲ್ಲವಾದರೆ ದೊಡ್ಡದನ್ನು ಆರಿಸು. ಈ ಗೆರೆಗೆ ಥ್ರೆಶೋಲ್ಡ್ ಎನ್ನುತ್ತಾರೆ.

ಇಲ್ಲೊಂದು ತಪ್ಪು ದಾರಿ ಹಿಡಿದಿದ್ದೆವು. ಅದೇ 300 ಪರೀಕ್ಷಾ ಫೋಟೊಗಳ ಮೇಲೆ 0.50, 0.40, 0.30, 0.20 ಎಂದು ಹಾಕಿ ನೋಡಿ ಚೆನ್ನಾಗಿ ಬಂದದ್ದನ್ನು ಆರಿಸಲು ಹೊರಟಿದ್ದೆವು. ಮೇಡಂ ತಡೆದರು. ಅದು ಪ್ರಶ್ನೆಪತ್ರಿಕೆ ನೋಡಿಕೊಂಡು ಓದಿದಂತೆ. ಗೆರೆ ಎಲ್ಲಿರಬೇಕೆಂಬುದನ್ನು ಬೇರೆಯಾಗಿ ತೆಗೆದಿಟ್ಟ ವ್ಯಾಲಿಡೇಷನ್ ಫೋಟೊಗಳ ಮೇಲೆ ನಿರ್ಧರಿಸಿ, ಆಮೇಲೆ ಒಂದೇ ಸಲ ಪರೀಕ್ಷಾ ಫೋಟೊಗಳಿಗೆ ಹಾಕಬೇಕು. ಹಾಗೆ ಮಾಡಿದಾಗ ಸಿಕ್ಕಿದ್ದು ಇದು:

| ನಿಜ ↓ / ಯಂತ್ರ → | ಆರೋಗ್ಯ | ಎಲೆಚುಕ್ಕಿ | ಹಳದಿ ಎಲೆ |
|---|---|---|---|
| ಆರೋಗ್ಯ | 202 | 15 | 3 |
| ಎಲೆಚುಕ್ಕಿ | 6 | 43 | 1 |
| ಹಳದಿ ಎಲೆ | 1 | 4 | 25 |

ಈಗ ಸಾಲು ಓದಿ: 50ರಲ್ಲಿ 43 ಸಿಕ್ಕಿವೆ, ರೀಕಾಲ್ ಶೇ 86. ಕಂಬ ಓದಿ: 62 ಸಲ ಕೂಗಿ 43 ಸಲ ನಿಜ, ಪ್ರಿಸಿಷನ್ ಶೇ 83ರಿಂದ 69ಕ್ಕೆ ಇಳಿದಿದೆ. ಮಾಡೆಲ್ ಹೊಸದಾಗಿ ಏನೂ ಕಲಿತಿಲ್ಲ. ಸ್ವಲ್ಪ ಅನುಮಾನ ಬಂದರೂ ಕೂಗಲು ಹೇಳಿದೆವು, ಅದು ಹೆಚ್ಚು ಕೂಗಿತು. ಹೆಚ್ಚು ರೋಗವೂ ಸಿಕ್ಕಿತು, ಹೆಚ್ಚು ಸುಳ್ಳು ಕೂಗೂ ಬಂತು. ಹಳದಿ ಎಲೆಯ ಎರಡು ಫೋಟೊಗಳನ್ನೂ ಕಳೆದುಕೊಂಡೆವು.

ಒಟ್ಟು ಆಕ್ಯುರೆಸಿ ಎಷ್ಟು? 202, 43, 25 ಕೂಡಿಸಿದರೆ 270. ಮೊದಲು 269 ಇತ್ತು. ತೋಟದವರ ದೃಷ್ಟಿಯಲ್ಲಿ ಅಜಗಜಾಂತರ ಇರುವ ಎರಡು ಪ್ರೋಗ್ರಾಂಗಳಿಗೆ ಆಕ್ಯುರೆಸಿ ಕೊಟ್ಟದ್ದು ಒಂದೇ ಒಂದು ಫೋಟೊದ ವ್ಯತ್ಯಾಸ!

ಯಾವುದು ಒಳ್ಳೆಯದು ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ, ತಪ್ಪಿನ ಬೆಲೆಯಲ್ಲಿದೆ. ಪ್ರಿಸಿಷನ್, ರೀಕಾಲ್ ಎರಡನ್ನೂ ಸೇರಿಸಿ ಒಂದೇ ಅಂಕಿ ಮಾಡುವ F1 ಸ್ಕೋರ್ ಇದೆ, ಆದರೆ ಅದು ಎರಡಕ್ಕೂ ಸಮಾನ ತೂಕ ಕೊಡುತ್ತದೆ. ದೊಡ್ಡಪ್ಪನ ತೋಟದಲ್ಲಿ ಎರಡೂ ಸಮಾನವಲ್ಲ. ಸುಳ್ಳು ಕೂಗು ಬಂದರೆ ಅವರು ಆ ಮರದ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿ ಬರುತ್ತಾರೆ, ಅಷ್ಟೇ ನಷ್ಟ. ಕೈತಪ್ಪಿದರೆ ರೋಗ ಮಳೆಯಲ್ಲಿ ಪಕ್ಕದ ಮರಗಳಿಗೆ ಹರಡುತ್ತದೆ. ಆದರೆ ನೋಡದೆಯೇ ನೇರ ಔಷಧಿ ಹೊಡೆಸುವುದಾದರೆ ಲೆಕ್ಕ ಬದಲಾಗುತ್ತದೆ. ಮರ ಹತ್ತುವವರ ಕೂಲಿ, ಔಷಧಿಯ ಖರ್ಚು ಎಲ್ಲ ಸೇರಿ ಸುಳ್ಳು ಕೂಗೂ ದುಬಾರಿ. ಹಳದಿ ಎಲೆಯನ್ನು ಎಲೆಚುಕ್ಕಿ ಎಂದ ಆ 4 ಫೋಟೊಗಳಂತೂ ಶುದ್ಧ ವ್ಯರ್ಥ, ಏಕೆಂದರೆ ಹಳದಿ ಎಲೆ ರೋಗ ಫೈಟೊಪ್ಲಾಸ್ಮಾದಿಂದ ಬರುವಂಥದ್ದು, ಶಿಲೀಂಧ್ರನಾಶಕಕ್ಕೆ ಅದು ಜಗ್ಗುವುದಿಲ್ಲ. ಅಂದರೆ ಕರ್ಣದ ಹೊರಗಿನ ಪ್ರತಿ ಚೌಕಕ್ಕೂ ಬೇರೆ ಬೇರೆ ಬೆಲೆ.

ತೋಟಕ್ಕೆ ಇಳಿದಾಗ

ಕೊನೆಯದಾಗಿ ನನ್ನ ಜಂಭವನ್ನು ಪೂರ್ತಿ ಇಳಿಸಿದ ಲೆಕ್ಕ. ನಮ್ಮ ಪರೀಕ್ಷಾ ಫೋಟೊಗಳಲ್ಲಿ ಆರಕ್ಕೆ ಒಂದು ಎಲೆಚುಕ್ಕಿಯದು. ನಾವೇ ಹುಡುಕಿ ಹುಡುಕಿ ರೋಗದ ಸೋಗೆಗಳ ಫೋಟೊ ತೆಗೆದದ್ದರಿಂದ ಹಾಗಾಯಿತು. ರೋಗ ಆಗಷ್ಟೇ ಕಾಲಿಟ್ಟ ತೋಟ ಹಾಗಿರುವುದಿಲ್ಲ. 1000 ಸೋಗೆ ನೋಡಿದರೆ 20ಕ್ಕೆ ಮಾತ್ರ ರೋಗ ಇದೆ ಎಂದುಕೊಳ್ಳಿ.

ರೀಕಾಲ್ ಶೇ 86 ಇದ್ದರೆ ಆ 20ರಲ್ಲಿ 17 ಸಿಗುತ್ತವೆ. ಈಗ ಉಳಿದ 980. ಪರೀಕ್ಷೆಯಲ್ಲಿ ಎಲೆಚುಕ್ಕಿ ಇಲ್ಲದ 250 ಫೋಟೊಗಳಲ್ಲಿ 19ಕ್ಕೆ ಸುಳ್ಳು ಕೂಗು ಬಂದಿತ್ತು, ಅಂದರೆ ಶೇ 7.6. ಅದೇ ಅನುಪಾತದಲ್ಲಿ 980ಕ್ಕೆ ಸುಮಾರು 74 ಸುಳ್ಳು ಕೂಗು. ಒಟ್ಟು 91 ಸಲ ‘ಎಲೆಚುಕ್ಕಿ’ ಎಂದು ಬರುತ್ತದೆ, ಅದರಲ್ಲಿ ನಿಜ 17. ಪ್ರಿಸಿಷನ್ ಶೇ 69 ಅಲ್ಲ, ಸುಮಾರು ಶೇ 19!

ಮಾಡೆಲ್ ಬದಲಾಗಿಲ್ಲ. ರೀಕಾಲ್ ಒಂದು ಸಾಲಿನೊಳಗಿನ ಲೆಕ್ಕವಾದ್ದರಿಂದ ರೋಗ ಎಷ್ಟು ಅಪರೂಪ ಎಂಬುದರಿಂದ ಅದು ಕದಲುವುದಿಲ್ಲ. ಪ್ರಿಸಿಷನ್ ಕಂಬದ ಲೆಕ್ಕ, ಬೇರೆ ಸಾಲುಗಳಿಂದಲೂ ಅಂಕಿ ಬಂದು ಅದರಲ್ಲಿ ಕೂಡಿಕೊಳ್ಳುತ್ತದೆ. ಆರೋಗ್ಯವಂತ ಸೋಗೆ ಹೆಚ್ಚಾದಷ್ಟೂ ಅಲ್ಲಿಂದ ಬರುವ ಸುಳ್ಳು ಕೂಗು ಹೆಚ್ಚಿ ಕಂಬ ಉಬ್ಬುತ್ತದೆ. ಹಾಗಾಗಿ ಯಾರಾದರೂ ಪ್ರಿಸಿಷನ್ ಹೇಳಿದರೆ, ಪರೀಕ್ಷಿಸಿದ ಗುಂಪಿನಲ್ಲಿ ಆ ವರ್ಗ ಎಷ್ಟು ಪಾಲಿತ್ತು ಎಂದು ಕೇಳದೆ ನಂಬಬಾರದು. ಕೋಷ್ಟಕ ಕೈಯಲ್ಲಿದ್ದರೆ ಸಾಲಿನ ಮೊತ್ತಗಳೇ ಅದನ್ನು ಹೇಳುತ್ತವೆ. ಶೇಕಡಾವಾರು ಮಾತ್ರ ಇದ್ದರೆ ಕೇಳಿಯೇ ತಿಳಿಯಬೇಕು.

ಈಗ ನಾವು ಫೋಟೊವನ್ನು ಒಟ್ಟಿಗೆ ಕುಗ್ಗಿಸುವ ಬದಲು ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಬೇರೆಯಾಗಿ ಮಾಡೆಲ್‌ಗೆ ಕೊಟ್ಟು ನೋಡುತ್ತಿದ್ದೇವೆ. ಮೊದಲ ಹಂತದ ಚುಕ್ಕಿಗಳು ಉಳಿಯುತ್ತವೆಯೇ ಎಂಬುದು ಹೊಸ ಫೋಟೊಗಳ ಮೇಲೆ ಗೊತ್ತಾಗಬೇಕು. ವರದಿಯಲ್ಲಿ ‘ಆಕ್ಯುರೆಸಿ ಶೇ 90’ ಎಂಬ ದಪ್ಪಕ್ಷರದ ಸಾಲನ್ನು ತೆಗೆದು ಆ ಜಾಗದಲ್ಲಿ ಎರಡು ಕೋಷ್ಟಕ ಹಾಕಿದ್ದೇವೆ.

ಮೊನ್ನೆ ಫೋನ್ ಮಾಡಿದಾಗ ದೊಡ್ಡಪ್ಪನಿಗೆ ಮೊದಲ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಂಡು ಹೊಸ ಲೆಕ್ಕ ಹೇಳಿದೆ: “ಇಪ್ಪತ್ತರಲ್ಲಿ ಹದಿನೇಳು ಹಿಡಿಯುತ್ತೆ, ಮೂರು ತಪ್ಪುತ್ತೆ. ಆದ್ರೆ ಅದು ಐದು ಸಲ ಕೂಗಿದ್ರೆ ನಿಜ ಇರೋದು ಒಂದೇ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಸಾವಿರ ಮರ ನೋಡೋ ಬದಲು ತೊಂಬತ್ತು ಮರ ನೋಡಿದ್ರೆ ಸಾಕು ಅಂದ ಹಾಗಾಯ್ತಲ್ಲ. ಅಡ್ಡಿಲ್ಲ, ತಗೊಂಡು ಬಾ. ಆ ಮೂರು ಮಾತ್ರ ಎಲ್ಲಿರುತ್ತೆ ಅಂತ ನಾನೇ ನೋಡ್ಕೋಬೇಕು” ಅಂದರು.